ಸಾಲದ ಚಿಂತೆಗೆ ಕಾರ್ಡು ಹಾಕುವಾಗ: ಮೇಲಿನ ಸಾಲು, ಕೆಳಗಿನ ಸಾಲು

(ವಿಜಯಪುರದಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. ಆಗ ನಾನು ಟ್ಯಾರೋ ಕಾರ್ಡು ಓದಲು ಹಿಡಿದು ಎರಡು ವರ್ಷ ಆಗಿತ್ತು ಅಷ್ಟೇ. ಬನಹಟ್ಟಿ ಕಡೆಯಿಂದ ಒಬ್ಬರು ಪವರ್‌ಲೂಮ್ ಮಾಲೀಕರು ಬಂದಿದ್ದರು. ನಾಲ್ಕು ಮಗ್ಗ, ಅದಕ್ಕಿಂತ ಜಾಸ್ತಿ ಸಾಲ. ಕೂತವರೇ "ನಮ್ಮ ಟೈಮ್ ಯಾವಾಗ ಸುಧಾರಸ್ತದ, ಅಷ್ಟ ಹೇಳ್ರಿ ಅಕ್ಕಾರ" ಅಂದರು. ನೂಲಿನ ರೇಟು ಏರಿದೆ, ಸೀರೆ ಎತ್ತುವ ವ್ಯಾಪಾರಿ ದುಡ್ಡು ನಿಲ್ಲಿಸಿದ್ದಾನೆ, ಕರೆಂಟು ಬೇರೆ ಸರಿಯಿಲ್ಲ, ಎಲ್ಲ ಹೇಳಿದರು. ಮೂರು ಕಾರ್ಡು ತೆಗೆದೆ. ನಡುವೆ ವ್ಹೀಲ್ ಆಫ್ ಫಾರ್ಚೂನ್ ಬಂತು, ಅದೇ, ದೊಡ್ಡ ಚಕ್ರದ ಕಾರ್ಡು. ನಾನು ಕಲಿತದ್ದನ್ನೇ ಒಪ್ಪಿಸಿದೆ: ಕಾಲ ಸರಿಯಿಲ್ಲ, ಚಕ್ರ ತಿರುಗುತ್ತದೆ, ಸ್ವಲ್ಪ ತಾಳಿ. ಅವರು ಮುಖ ಅರಳಿಸಿಕೊಂಡು ಹೋದರು.

ಆರು ತಿಂಗಳಾದ ಮೇಲೆ ಅವರ ಹೆಂಡತಿ ಬಂದರು. ಮನುಷ್ಯ ರಾತ್ರಿ ಎರಡರವರೆಗೆ ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದರಂತೆ. ಎರಡು ಮಗ್ಗ ಮಾರಿ ಆಗಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ. "ಅಕ್ಕಾರ, ಟೈಮ್ ಸರಿ ಇಲ್ಲಂತ ನೀವ ಹೇಳೀರಂತಲ್ರಿ. ಕೇಳಿದಾಗೆಲ್ಲ ಅದನ್ನ ಹೇಳ್ತಾರ" ಅಂದರು, ಅಷ್ಟೇ. ನೂಲಿನ ರೇಟು ಏರಿದ್ದು ಸುಳ್ಳಲ್ಲ. ವ್ಯಾಪಾರಿ ದುಡ್ಡು ನಿಲ್ಲಿಸಿದ್ದೂ ಸುಳ್ಳಲ್ಲ. ಆದರೆ ಹೊರಗಿನ ಆ ಎರಡು ನಿಜಗಳ ಹಿಂದೆ ಒಳಗಿನ ಒಂದು ನಿಜ ಅಡಗಿ ಕೂತಿತ್ತು. ಅದು ಅಲ್ಲೇ ಇರಲಿ ಎಂದು ನಾನೇ ಒಂದು ಪರದೆ ಕೊಟ್ಟು ಕಳಿಸಿದ್ದೆ.

ಇದರ ಉಲ್ಟಾ ತಪ್ಪೂ ಇದೆ. ಓದುವವರಲ್ಲಿ ಅದೇ ಜಾಸ್ತಿ ಅಂತ ನನಗನಿಸುತ್ತದೆ. ಮುಧೋಳ ಕಡೆಯ ಒಬ್ಬ ರೈತರಿಗೆ ಬೇರೆ ಯಾರೋ ಕಾರ್ಡು ಹಾಕಿ "ನಿಮ್ಮ ಮನಸ್ಸಿನಲ್ಲೇ ದುಡ್ಡಿಗೆ ಅಡ್ಡಗೋಡೆ ಇದೆ, ಅದನ್ನು ಬಿಡಿ" ಎಂದಿದ್ದರು. ನಾನು ಕೇಳಿದೆ, ಕಬ್ಬು ಯಾವಾಗ ಹೋಯಿತು, ಬಿಲ್ಲು ಯಾವಾಗ ಬಂತು? ಕಬ್ಬು ಹೋಗಿ ನಾಲ್ಕು ತಿಂಗಳು, ಬಿಲ್ಲು ಇನ್ನೂ ಬಂದಿಲ್ಲ. ನೋಡಿ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಆ ರೈತರಿಗೆ ಅಡ್ಡಗೋಡೆ ಇದ್ದದ್ದು ಕಾರ್ಖಾನೆಯ ಆಫೀಸಿನಲ್ಲಿ. ಅದನ್ನು ಅವರ ಮನಸ್ಸಿನೊಳಗೆ ಹುಡುಕಿದ್ದು ಅನ್ಯಾಯ ಅಲ್ವಾ?

ಈ ಎರಡು ಪ್ರಸಂಗಗಳ ಆಮೇಲೆ ನಾನು ಸಾಲದ ವಿಷಯಕ್ಕೆ ಮೂರು ಕಾರ್ಡಿನ ಓದು ನಿಲ್ಲಿಸಿಬಿಟ್ಟೆ. ಯಾಕೆ ಅಂದರೆ ಯಾವ ಕಾರ್ಡಾದರೂ ಎರಡೂ ಕಡೆ ವಾಲುತ್ತದೆ. ಡೆವಿಲ್ ಕಾರ್ಡು ತೆಗೆದುಕೊಳ್ಳಿ. ಚಟ ಅಂತಲೂ ಓದಬಹುದು, ಸಾಲ ಕೊಟ್ಟು ಕುತ್ತಿಗೆ ಹಿಡಿದವನು ಅಂತಲೂ ಓದಬಹುದು. ಟವರ್ ಕಾರ್ಡು, ಸಿಡಿಲು ಬಡಿದ ಗೋಪುರ. ಹೊರಗಿನಿಂದ ಬಿದ್ದ ಸಿಡಿಲು ಅನ್ನಿ, ಅಡಿಪಾಯ ಹಾಕದೇ ಎತ್ತರಕ್ಕೆ ಕಟ್ಟಿದ್ದು ನಿಮ್ಮದೇ ತಪ್ಪು ಅನ್ನಿ, ಎರಡೂ ನಡೆಯುತ್ತದೆ. ಕಾರ್ಡು ಬಿದ್ದ ಮೇಲೆ ಯಾವ ಕಡೆ ಓದುವುದು ಅಂತ ತೀರ್ಮಾನ ಮಾಡಿದರೆ ಓದುವವರು ತಮಗೆ ಬೇಕಾದ ಕಡೆಗೇ ಹೊರಳುತ್ತಾರೆ. ಎದುರಿಗೆ ಕೂತವರು ಬಡವರಾಗಿದ್ದು ನಾವು ಸ್ವಲ್ಪ ಉಪದೇಶದ ಜಾತಿಯವರಾಗಿದ್ದರೆ ಚಟ ಅನ್ನುತ್ತೇವೆ. ಎದುರಿಗೆ ಕೂತವರು ನಮ್ಮ ಗೆಳತಿಯಾಗಿದ್ದರೆ ಗ್ರಹಚಾರ ಅನ್ನುತ್ತೇವೆ.

ಅದಕ್ಕೆ ಈಗ ಆರು ಕಾರ್ಡು ಹಾಕುತ್ತೇನೆ. ಮೇಲೆ ಮೂರು, ಕೆಳಗೆ ಮೂರು. ಮೇಲಿನ ಸಾಲು ಬಂದವರ ಕೈಯಲ್ಲಿರುವುದಕ್ಕೆ. ಅಂದರೆ ಅವರು ದಿನಾ ಮಾಡುವುದು, ಮುಂದೂಡುವುದು, ನೋಡದೇ ಬಿಡುವುದು. ಕೆಳಗಿನ ಸಾಲು ಹೊರಗಿನದಕ್ಕೆ. ರೇಟು, ಮಳೆ, ಸಾಲ ಕೊಟ್ಟವರು, ಆಸ್ಪತ್ರೆ, ಕಾರ್ಖಾನೆ. ಇದನ್ನು ಕಾರ್ಡು ಕಲೆಸುವ ಮುಂಚೆಯೇ ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆದು ಇಬ್ಬರ ನಡುವೆ ಇಡುತ್ತೇನೆ. ಆಮೇಲೆ ಬದಲಾಯಿಸುವ ಹಾಗಿಲ್ಲ. ಡೆವಿಲ್ ಕೆಳಗಿನ ಸಾಲಿಗೆ ಬಿದ್ದರೆ ಚಟದ ಮಾತು ಎತ್ತುವ ಹಾಗಿಲ್ಲ, ಬಾಯಿ ತುದಿಗೆ ಬಂದರೂ ನುಂಗಬೇಕು. ಕಾರ್ಡಿನ ಹೆಸರಿಗಿಂತ ಅದು ಬಿದ್ದ ಜಾಗಕ್ಕೆ ಮರ್ಯಾದೆ ಜಾಸ್ತಿ.

ಇನ್ನೊಂದು ಮಾತು, ಇದು ಸ್ವಲ್ಪ ಅಡ್ಡಮಾತು. ಪೆಂಟಕಲ್ಸ್ ಅಂತ ನಾಣ್ಯದ ಕಾರ್ಡುಗಳಿವೆಯಲ್ಲ, ಅವು ಬಂದ ಕೂಡಲೇ ಜನ "ನೋಡ್ರಿ, ರೊಕ್ಕದ ಕಾರ್ಡ ಬಂತು" ಅಂತ ಬೆರಗಾಗುತ್ತಾರೆ. ಕಟ್ಟಿನಲ್ಲಿ 78 ಕಾರ್ಡು, ಅದರಲ್ಲಿ 14 ನಾಣ್ಯದವು. ಆರು ಕಾರ್ಡು ಎತ್ತಿದರೆ ಒಂದಾದರೂ ನಾಣ್ಯ ಬರುವ ಸಾಧ್ಯತೆ ಹತ್ತಕ್ಕೆ ಏಳು. ನೀವು ಮದುವೆ ಬಗ್ಗೆ ಕೇಳಿದ್ದರೂ ಬರುತ್ತಿತ್ತು. ಬಂತು ಅನ್ನುವುದರಲ್ಲಿ ಪವಾಡ ಏನಿಲ್ಲ. ಟ್ಯಾರೋ ಶುರುವಾಗಿದ್ದೇ 15ನೇ ಶತಮಾನದ ಇಟಲಿಯಲ್ಲಿ, ಇಸ್ಪೀಟಿನಂಥ ಒಂದು ಆಟವಾಗಿ. ಭವಿಷ್ಯ ಹೇಳುವುದಕ್ಕೆ ಬಳಸಿದ್ದು ಎಷ್ಟೋ ಕಾಲದ ಮೇಲೆ. ನಾನು ಬಳಸುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಬಂದವು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ನನಗೆ ಬೇಕಾದದ್ದು ಆ ಚಿತ್ರ ಮಾತ್ರ. ಚಿತ್ರ ನೋಡಿ ಎದುರಿನವರು ಏನು ಹೇಳುತ್ತಾರೋ ಅದರಲ್ಲೇ ಕೆಲಸ ಇರುವುದು.

ಈಗ ಒಂದು ಓದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಇದೇ ಊರಿನಲ್ಲಿ ಖಾನಾವಳಿ ನಡೆಸುವ ಒಬ್ಬ ಅಕ್ಕ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಮೊಸರು, ಊಟಕ್ಕೆ 70 ರೂಪಾಯಿ. ರೊಟ್ಟಿ ಬಡಿಯಲು ಇಬ್ಬರು ಹೆಣ್ಣುಮಕ್ಕಳು. ಬಂದವರು ಕೂತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು: "ರಸ್ತೆ ಅಗದಾಗಿಂದ ನಮ್ಮ ಬದುಕ ಮೂರಾಬಟ್ಟಿ ಆತ್ರಿ." ಖಾನಾವಳಿ ಮುಂದೆ ಚರಂಡಿ ಕೆಲಸಕ್ಕೆ ಅಂತ ರಸ್ತೆ ಅಗೆದು ನಾಲ್ಕು ತಿಂಗಳಾಗಿತ್ತು. ಮೊದಲು ದಿನಕ್ಕೆ 90 ಊಟ ಹೋಗುತ್ತಿದ್ದದ್ದು 55ಕ್ಕೆ ಇಳಿದಿತ್ತು.

ಒಟ್ಟು ಸಾಲ ಎಷ್ಟು ಅಂತ ಕೇಳಿದೆ. "ಒಂದೂವರಿ ಲಕ್ಷ ಇರಬೇಕ್ರಿ." ಇರಬೇಕು! ಈ ಶಬ್ದಕ್ಕೆ ನಾನು ಕಿವಿ ಕೊಡುತ್ತೇನೆ. ಸಾಲದ ಚಿಂತೆಯವರಲ್ಲಿ ಮುಕ್ಕಾಲು ಜನ ಈ ಶಬ್ದದಿಂದಲೇ ಶುರು ಮಾಡುತ್ತಾರೆ.

ಅವರ ಪ್ರಶ್ನೆ "ಸಾಲ ಯಾವಾಗ ತೀರತೈತಿ?" ಅಂತ ಇತ್ತು. ಅದನ್ನು ನಾನು ತೆಗೆದುಕೊಳ್ಳಲಿಲ್ಲ. ಕಾರ್ಡಿನಲ್ಲಿ ತಾರೀಖು ಇಲ್ಲ, ಅಸಲು ಇಲ್ಲ, ಬಡ್ಡಿ ಇಲ್ಲ. ಯಾವಾಗ ಅನ್ನುವ ಪ್ರಶ್ನೆಗೆ ಅದು ಉತ್ತರ ಕೊಟ್ಟ ಹಾಗೆ ಕಂಡರೆ ಅದು ಓದುವವರ ಬಾಯಿಂದ ಬಂದದ್ದು. ಪ್ರಶ್ನೆಯನ್ನು ಎರಡಾಗಿ ಒಡೆದೆವು. ಈ ಸಾಲದಲ್ಲಿ ನಾನು ದಿನಾ ಮಾಡುವ ಯಾವ ಕೆಲಸ ಸೇರಿಕೊಂಡಿದೆ? ಈ ಸಾಲದ ಮೇಲೆ ಹೊರಗಿನ ಯಾವುದು ಕೂತಿದೆ? ಹಾಳೆಯ ಮೇಲೆ ಗೆರೆ ಎಳೆದೆ, ಅವರ ಕೈಯಲ್ಲೇ ಕಾರ್ಡು ಕಲೆಸಿಸಿದೆ.

ಮೇಲಿನ ಸಾಲಿಗೆ ಬಂದದ್ದು ಫೋರ್ ಆಫ್ ಪೆಂಟಕಲ್ಸ್, ಸಿಕ್ಸ್ ಆಫ್ ಕಪ್ಸ್, ಏಟ್ ಆಫ್ ಸ್ವೋರ್ಡ್ಸ್. ಕೆಳಗೆ ಫೈವ್ ಆಫ್ ಪೆಂಟಕಲ್ಸ್, ಡೆವಿಲ್, ಪೇಜ್ ಆಫ್ ಕಪ್ಸ್.

ಫೋರ್ ಆಫ್ ಪೆಂಟಕಲ್ಸ್‌ನಲ್ಲಿ ಒಬ್ಬ ಕಿರೀಟದವನು ಕಲ್ಲಿನ ಮೇಲೆ ಕೂತಿದ್ದಾನೆ. ಒಂದು ನಾಣ್ಯ ಎದೆಗೆ ಅವಚಿಕೊಂಡಿದ್ದಾನೆ, ಒಂದು ತಲೆ ಮೇಲೆ, ಎರಡು ಕಾಲ ಕೆಳಗೆ. ಪುಸ್ತಕದಲ್ಲಿ ಇದಕ್ಕೆ ಜಿಪುಣತನ ಅಂತ ಇರುತ್ತದೆ. ನಾನು ಹಾಗಂದಿದ್ದರೆ ಆ ಅಕ್ಕ ಎದ್ದು ಹೋಗುತ್ತಿದ್ದರು, ಯಾಕೆ ಅಂದರೆ ಅರ್ಧ ಬಜಾರು ಅವರಲ್ಲಿ ಉದ್ರಿ ಉಣ್ಣುತ್ತದೆ. ನಾನು ಚಿತ್ರ ಅವರ ಕಡೆ ತಿರುಗಿಸಿ, ಇವನು ಏನು ಮಾಡುತ್ತಿದ್ದಾನೆ ಅಂತ ಕೇಳಿದೆ. "ರೊಕ್ಕ ಹಿಡಕೊಂಡ ಕುಂತಾನ. ಏಳಾಕ ಆಗವಲ್ದು ಅವಗ" ಅಂದರು. ಸರಿ, ಸಾಲ ಇದ್ದೂ ನೀವು ಮುಟ್ಟದೇ ಇಟ್ಟ ದುಡ್ಡು ಎಲ್ಲಾದರೂ ಇದೆಯಾ? ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ "ಪಿಗ್ಮಿ ಐತ್ರಿ" ಅಂದರು.

ಪಿಗ್ಮಿ ಗೊತ್ತಲ್ಲ ನಿಮಗೆ, ಸಂಜೆ ಏಜೆಂಟು ಅಂಗಡಿಗೇ ಬಂದು ಕಟ್ಟಿಸಿಕೊಂಡು ಹೋಗುತ್ತಾನೆ. ದಿನಕ್ಕೆ 200ರಂತೆ ಎಂಟು ತಿಂಗಳು ತಪ್ಪದೇ ಕಟ್ಟಿದ್ದರು. 48,000 ಕೂಡಿತ್ತು. ಅದೇ ಹೊತ್ತಿಗೆ ಒಬ್ಬರ ಹತ್ತಿರ 60,000 ಕೈಗಡ, ನೂರಕ್ಕೆ ಮೂರು ಬಡ್ಡಿ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36. ತಿಂಗಳಿಗೆ 1,800 ಬಡ್ಡಿಗೇ ಹೋಗುತ್ತಿತ್ತು, ಅಸಲು ಒಂದು ರೂಪಾಯಿ ಕರಗಿರಲಿಲ್ಲ. ಪಿಗ್ಮಿ ಯಾಕೆ ಅಂತ ಕೇಳಿದರೆ, "ಗಂಟ ಮಾಡಿ ಒಮ್ಮಿಗೇ ಅಸಲ ಕೊಟ್ಟ ಬಿಡೂಣಂತ." ನೋಡಿ, ಇದು ದುಂದು ಅಲ್ಲ, ಸೋಮಾರಿತನವೂ ಅಲ್ಲ. ಒಳ್ಳೇ ಬುದ್ಧಿಯ ಚಾಳಿ. ಆದರೆ ಆ 48,000 ಪಿಗ್ಮಿಯಲ್ಲಿ ಮಲಗಿದ್ದಾಗ ಅಷ್ಟೇ ದುಡ್ಡಿನ ಮೇಲೆ ಇಲ್ಲಿ ತಿಂಗಳಿಗೆ 1,440 ಬಡ್ಡಿ ಕಟ್ಟುತ್ತಿದ್ದರು. ಪಿಗ್ಮಿಯಿಂದ ಬರುವುದು ಅದರ ಮುಂದೆ ಚಿಲ್ಲರೆ.

ಸಿಕ್ಸ್ ಆಫ್ ಕಪ್ಸ್ ನೋಡಿ ಅವರ ಕಣ್ಣು ತುಂಬಿತು. ಹಳೇ ಮನೆಯ ಅಂಗಳ, ಒಬ್ಬ ಹುಡುಗ ಒಂದು ಪುಟ್ಟ ಹುಡುಗಿಗೆ ಹೂ ತುಂಬಿದ ಬಟ್ಟಲು ಕೊಡುತ್ತಿದ್ದಾನೆ. ಇಲ್ಲಿ ನಾನು ಏನೂ ಹೇಳಲಿಲ್ಲ. ಕೇಳಿದ್ದು ಒಂದೇ: ಆ ಕೈಗಡ ತಂದದ್ದು ಯಾವ ತಿಂಗಳು? ಲೆಕ್ಕ ಹಾಕಿದರು. ಹನ್ನೊಂದು ತಿಂಗಳಾಗಿತ್ತು.

ರಸ್ತೆ ಅಗೆದು ನಾಲ್ಕು ತಿಂಗಳು. ಕೈಗಡ ತಂದು ಹನ್ನೊಂದು ತಿಂಗಳು.

ಬಂದಾಗಿನಿಂದ ಅವರು ಎಲ್ಲ ಸಾಲವನ್ನೂ ರಸ್ತೆಯ ಲೆಕ್ಕಕ್ಕೇ ಬರೆದಿದ್ದರು. ಸುಳ್ಳು ಹೇಳಬೇಕು ಅಂತ ಅಲ್ಲ, ಅವರಿಗೇ ಹಾಗೆ ಅನಿಸಿಬಿಟ್ಟಿತ್ತು. ಆ 60,000 ಮಗಳ ಕುಬಸಕ್ಕೆ ತಂದದ್ದು. ಬೀಗರ ಮುಂದೆ ಕಡಿಮೆ ಆಗಬಾರದು ಅಂತ ನಲವತ್ತು ಜನರ ಕಡೆ ಇನ್ನೂರು ಜನಕ್ಕೆ ಊಟ, ಸೀರೆ, ಬಳೆ. "ಯಾರಿಗೂ ಹೇಳಿಲ್ರಿ ಇದನ್ನ" ಅಂದರು. ನಾನು ಈ ತಾರೀಖಿನ ಪರೀಕ್ಷೆಯನ್ನು ಯಾರಿಗೆ ಕಾರ್ಡು ಹಾಕಿದರೂ ಬಿಡುವುದಿಲ್ಲ. ಸಾಲ ತಂದ ತಾರೀಖು ಒಂದು ಕಡೆ, ಹೊರಗಿನ ಹೊಡೆತ ಬಿದ್ದ ತಾರೀಖು ಇನ್ನೊಂದು ಕಡೆ ಬರೆಯಿಸುತ್ತೇನೆ. ಹೊಡೆತಕ್ಕಿಂತ ಮುಂಚಿನ ಸಾಲವನ್ನು ಹೊಡೆತದ ತಲೆಗೆ ಕಟ್ಟಲು ಬರುವುದಿಲ್ಲ. ಆಮೇಲಿನದು ಅಂತಾದ ಮಾತ್ರಕ್ಕೆ ಹೊಡೆತದಿಂದಲೇ ಆದದ್ದು ಅನ್ನುವ ಹಾಗೂ ಇಲ್ಲ, ಅದನ್ನು ಬೇರೆ ನೋಡಬೇಕು. ಬನಹಟ್ಟಿಯವರಿಗೆ ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನೂಲಿನ ರೇಟು ಯಾವಾಗ ಏರಿತು, ಮೊದಲ ಸಾಲ ಯಾವಾಗ ತಂದಿರಿ. ಕೇಳಲಿಲ್ಲ.

ಏಟ್ ಆಫ್ ಸ್ವೋರ್ಡ್ಸ್‌ನಲ್ಲಿ ಒಬ್ಬ ಹೆಣ್ಣುಮಗಳ ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಸುತ್ತ ಎಂಟು ಕತ್ತಿ. ಕಾಲಿಗೆ ಮಾತ್ರ ಕಟ್ಟಿಲ್ಲ. ಇದಕ್ಕೆ ಹೆಚ್ಚು ಹೊತ್ತು ಹೋಗಲಿಲ್ಲ. ಅವರು ಯಾವ ಸಾಲವನ್ನೂ ಬರೆದಿಟ್ಟಿರಲಿಲ್ಲ. ಅಲ್ಲೇ ಹಾಳೆಯ ಹಿಂದೆ ಬರೆದೆವು. ಪತ್ತಿನ ಸಂಘದಲ್ಲಿ ಬಂಗಾರ ಇಟ್ಟದ್ದು 1,20,000, ವರ್ಷಕ್ಕೆ ನೂರಕ್ಕೆ 12. ಕೈಗಡ 60,000. ವಾರದ ಕಂತಿನ ಸಂಘದ ಸಾಲ ಬಾಕಿ 38,000. ಒಟ್ಟು 2,18,000. ಒಂದೂವರೆ ಇರಬೇಕು ಅಂದದ್ದು ಇಷ್ಟಿತ್ತು. ಅವರು ಬೆವರು ಒರೆಸಿಕೊಂಡರು, ಆದರೆ ಆಮೇಲೆ ಬೆರಳಿಗೆ ಸೆರಗು ಸುತ್ತುವುದು ನಿಂತಿತು, ನಾನು ಗಮನಿಸಿದೆ.

ಕೆಳಗಿನ ಸಾಲಿಗೆ ಬರೋಣ. ಫೈವ್ ಆಫ್ ಪೆಂಟಕಲ್ಸ್ ಬಡತನದ ಕಾರ್ಡು ಅಂತಲೇ ಹೆಸರುವಾಸಿ. ಹಿಮ ಬೀಳುತ್ತಿದೆ, ಹರಕು ಬಟ್ಟೆಯ ಇಬ್ಬರು, ಒಬ್ಬನಿಗೆ ಊರುಗೋಲು, ಬೆಳಕಿರುವ ಚರ್ಚಿನ ಕಿಟಕಿಯ ಕೆಳಗೆ ನಡೆದು ಹೋಗುತ್ತಿದ್ದಾರೆ. ಹಿಮ ಅಂದರೆ ವಿಜಯಪುರದವರಿಗೆ ಏನು ಗೊತ್ತು, ಮೇ ತಿಂಗಳ ಬಿಸಿಲು ಅಂದುಕೊಳ್ಳಿ ಅಂತ ಹೇಳುತ್ತೇನೆ. ಸಾಮಾನ್ಯವಾಗಿ ಬಂದವರು ಆ ಇಬ್ಬರಲ್ಲಿ ತಮ್ಮನ್ನು ನೋಡಿಕೊಳ್ಳುತ್ತಾರೆ. ಈ ಅಕ್ಕ ನೋಡಿದ್ದೇ ಬೇರೆ. "ಇವರು ನಮ್ಮ ಗಿರಾಕಿ ನೋಡ್ರಿ. ಒಳಗ ದೀಪ ಹತ್ತೈತಿ, ಬರಾಕ ಬಾಗಲ ಎಲ್ಲೈತಿ?" ನಿಜ, ಆ ಚಿತ್ರದಲ್ಲಿ ಕಿಟಕಿ ಇದೆ, ಬಾಗಿಲು ಎಲ್ಲೂ ಕಾಣುವುದಿಲ್ಲ. ಎಷ್ಟೋ ಸಲ ಆ ಕಾರ್ಡು ನೋಡಿದ್ದೇನೆ, ನನಗೆ ಹಾಗೆ ಹೊಳೆದೇ ಇರಲಿಲ್ಲ.

ಹಾಗಾದರೆ ರಸ್ತೆಯ ಹೊಡೆತ ಎಷ್ಟು? ಇದನ್ನೂ ಬರೆಯದೇ ಬಿಡಬಾರದು. ದಿನಕ್ಕೆ 35 ಊಟ ಕಡಿಮೆ. ಒಂದು ಊಟದಲ್ಲಿ ಹಿಟ್ಟು, ಎಣ್ಣೆ, ಕಾಯಿಪಲ್ಲೆ, ಗ್ಯಾಸು ಎಲ್ಲ ಕಳೆದು 25 ರೂಪಾಯಿ ಕೈಗೆ ಉಳಿಯುತ್ತಿತ್ತು. ಅಲ್ಲಿಗೆ ದಿನಕ್ಕೆ 875. ತಿಂಗಳಿಗೆ 26 ದಿನ ಖಾನಾವಳಿ ತೆರೆದಿರುತ್ತದೆ, 22,750. ಮೇಲಿನ ಸಾಲಿನ ಪಿಗ್ಮಿಯ ಚಾಳಿಯಿಂದ ಹೋಗುತ್ತಿದ್ದದ್ದು ಹೆಚ್ಚೆಂದರೆ 1,440. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಪದೇಶ ಮಾಡುವವರು ಕುಬಸ, ಪಿಗ್ಮಿ ಅಂತ ಗಂಟೆಗಟ್ಟಲೆ ಕೊರೆಯುತ್ತಿದ್ದರು, ಆದರೆ ಆ ಮನೆಯ ಒಲೆ ಮಂದವಾಗಿದ್ದು ರಸ್ತೆಯಿಂದಲೇ. ಆ ಅಕ್ಕ ಹೇಳಿದ್ದರಲ್ಲಿ ದೊಡ್ಡ ಪಾಲು ಸರಿಯೇ ಇತ್ತು. ಆದರೂ ರಸ್ತೆ ಅವರ ಕೈಯಲ್ಲಿಲ್ಲ, 1,440 ಇದೆ. ಎರಡು ಸಾಲು ಬೇರೆ ಮಾಡುವುದು ಇದಕ್ಕೇ. ತಪ್ಪು ಯಾರದು ಅಂತ ತೀರ್ಪು ಕೊಡುವುದಕ್ಕಲ್ಲ, ನಾಳೆ ಬೆಳಿಗ್ಗೆ ಕೈ ಎಲ್ಲಿ ಹಾಕಬೇಕು ಅಂತ ತಿಳಿಯುವುದಕ್ಕೆ.

ಡೆವಿಲ್ ಕೆಳಗಿನ ಸಾಲಿನಲ್ಲಿತ್ತು, ಅಂದರೆ ಹೊರಗಿನವರು. ಚಿತ್ರದಲ್ಲಿ ಕೊಂಬಿನವನ ಮುಂದೆ ಒಬ್ಬ ಗಂಡು, ಒಬ್ಬಳು ಹೆಣ್ಣು, ಕುತ್ತಿಗೆಗೆ ಸರಪಳಿ. ಹತ್ತಿರದಿಂದ ನೋಡಿದರೆ ಸರಪಳಿ ಸಡಿಲ, ತಲೆಯಿಂದ ತೆಗೆಯುವಷ್ಟು. ಕೈಗಡ ಕೊಟ್ಟವರು ಹೇಗೆ, ಬೈಯುತ್ತಾರಾ ಅಂತ ಕೇಳಿದೆ. ಇಲ್ಲವೇ ಇಲ್ಲ, ಬಹಳ ಒಳ್ಳೆಯವರು, "ಬಡ್ಡಿ ಅಷ್ಟ ಕೊಡ್ರಿ ಅಕ್ಕಾರ, ಅಸಲಿಗೆ ಅವಸರ ಏನೈತಿ" ಅನ್ನುತ್ತಾರೆ ಅಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ಬಂತು. ಹನ್ನೊಂದು ತಿಂಗಳಿಗೆ 19,800 ಬಡ್ಡಿ ಕೊಟ್ಟಿದ್ದರು. ಅಸಲಿಗೆ ಅವರಿಗೆ ಅವಸರ ಯಾಕಿರುತ್ತದೆ?

ಪೇಜ್ ಆಫ್ ಕಪ್ಸ್, ಒಬ್ಬ ಹುಡುಗ ಬಟ್ಟಲಿನಲ್ಲಿರುವ ಮೀನು ನೋಡುತ್ತಿದ್ದಾನೆ. ಅದು ನಮಗೆ ಏನೂ ಹೇಳಲಿಲ್ಲ. ಆ ಅಕ್ಕನಿಗೂ ಏನೂ ಹೊಳೆಯಲಿಲ್ಲ, ನನಗೂ ಇಲ್ಲ. ಬಿಟ್ಟೆವು. ಹೊಸಬರು ಇಲ್ಲೇ ಎಡವುತ್ತಾರೆ, ಆರೂ ಕಾರ್ಡು ಮಾತಾಡಲೇಬೇಕು ಅಂತ ಎಳೆದು ಎಳೆದು ಕಥೆ ಕಟ್ಟುತ್ತಾರೆ. ಇಲ್ಲದ ಶುಭ ಸುದ್ದಿ ಬರುತ್ತದೆ ಅಂತ ಹೇಳಿಬಿಡುವುದು ಇಂಥ ಕಾರ್ಡಿನಲ್ಲೇ. ಆ ಮಾತು ನಂಬಿ ಯಾರಾದರೂ ಇನ್ನೊಂದು ಸಾಲ ಎತ್ತಿದರೆ?

ಅವರು ಮಾಡಿದ್ದು ಹೇಳುತ್ತೇನೆ. ಮುಂದಿನ ವಾರ ಪಿಗ್ಮಿ ಬಿಡಿಸಿದರು. ಅವಧಿಗೆ ಮುಂಚೆ ಬಿಡಿಸಿದ್ದಕ್ಕೆ ಬಡ್ಡಿ ಸಿಗಲಿಲ್ಲ, ಸ್ವಲ್ಪ ಮುರಿದುಕೊಂಡರು ಕೂಡ, ಕೈಗೆ ಬಂದದ್ದು 46,500. ಮುರಿದುಕೊಂಡದ್ದು ಹೊಟ್ಟೆ ಉರಿಸುತ್ತದೆ ನಿಜ, ಆದರೆ ಒಂದೇ ತಿಂಗಳ ಬಡ್ಡಿಗೆ ಹೆಚ್ಚುಕಡಿಮೆ ಸರಿಹೋಯಿತು. 45,000 ಕೈಗಡಕ್ಕೆ ಕಟ್ಟಿದರು, ಬಾಕಿ 15,000. ಬಡ್ಡಿ 1,800 ಇದ್ದದ್ದು 450ಕ್ಕೆ ಇಳಿಯಿತು. ಒಂದು ವಿಷಯ ನಾನು ಒತ್ತಿ ಹೇಳಿ ಕಳಿಸಿದ್ದೆ, ಕೊಡುವಾಗ "ಅಸಲಿಗೆ ಮುಟ್ಟಿತು" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ, ಮೊದಲು ಖಾಲಿ ಚೆಕ್ಕು ಕೊಟ್ಟಿದ್ದರೆ ಅದರ ಮಾತನ್ನೂ ಅಲ್ಲೇ ಎತ್ತಿ ಅಂತ. ಕೊಟ್ಟಿದ್ದರು, ಒಂದು ಚೆಕ್ಕು. ಬಾಕಿ ತೀರಿದ ದಿನ ವಾಪಸ್ ಅಂತ ಅದೇ ಚೀಟಿಯಲ್ಲಿ ಬರೆಸಿಕೊಂಡು ಬಂದರು. ದಿನದ 200 ರೂಪಾಯಿ ಕಟ್ಟುವ ಅಭ್ಯಾಸ ಹಾಗೇ ಇತ್ತಲ್ಲ, ಆ ದುಡ್ಡನ್ನು ಈಗ ಒಂದು ಡಬ್ಬಿಗೆ ಹಾಕಿ ಹದಿನೈದು ದಿನಕ್ಕೊಮ್ಮೆ ಕೈಗಡಕ್ಕೇ ಒಯ್ದು ಕೊಡುತ್ತಾರೆ. ಚಾಳಿ ಬಿಡಿಸಲಿಲ್ಲ, ಅದು ಹೋಗುವ ಬಾಗಿಲು ಬದಲಾಯಿತು ಅಷ್ಟೇ. ಉದ್ರಿ ವಸೂಲಿ ಮಾತ್ರ ಅವರಿಂದ ಆಗಿಲ್ಲ. "ಉಂಡವರನ್ನ ಹೆಂಗ ಕೇಳೂದ್ರಿ" ಅನ್ನುತ್ತಾರೆ. ನನಗೂ ಅದಕ್ಕೆ ಉತ್ತರ ಇಲ್ಲ.

ಈ ಓದು ಎಲ್ಲಿ ಕೆಡುತ್ತದೆ ಅಂತ ಹೇಳಿಬಿಡುತ್ತೇನೆ. ಮೊದಲನೆಯದು, ಮತ್ತೆ ಮತ್ತೆ ಕಾರ್ಡು ಎತ್ತುವುದು. ಒಳ್ಳೇ ಚಿತ್ರ ಬರುವವರೆಗೆ ಎತ್ತುತ್ತಾ ಹೋದರೆ ಒಳ್ಳೇ ಚಿತ್ರ ಬಂದೇ ಬರುತ್ತದೆ, 78ರಲ್ಲಿ ಸಾಕಷ್ಟಿವೆ. ಒಂದೇ ಸಾಲದ ಪ್ರಶ್ನೆಗೆ ನಾನು ಮತ್ತೆ ಹಾಕುವುದು ಲೆಕ್ಕದಲ್ಲಿ ಏನಾದರೂ ಬದಲಾದರೆ ಮಾತ್ರ. ತಿಂಗಳಿಗೆ ಮೂರು ಸಲ ಬರುವವರಿಗೆ ನನ್ನ ಹತ್ತಿರ ಬರುವುದೇ ಮೇಲಿನ ಸಾಲಿನ ಚಾಳಿ ಆಗಿರುತ್ತದೆ, ಅವರಿಗೆ ಅದನ್ನೇ ಹೇಳಿ ಕಳಿಸುತ್ತೇನೆ. ಎರಡನೆಯದು, ಕೆಳಗಿನ ಸಾಲನ್ನು ಮುಂದೆ ಆಗುವುದು ಅಂತ ಓದುವುದು. ಕೆಳಗೆ ಟವರ್ ಬಿದ್ದರೆ ಸಿಡಿಲು ಬೀಳುತ್ತದೆ ಅಂತಲ್ಲ. ಈಗಾಗಲೇ ಬಿದ್ದದ್ದು ಏನು, ಅದಕ್ಕೆ ತಾರೀಖು ಇದೆಯಾ, ಕಾಗದ ಇದೆಯಾ ಅಂತ ಕೇಳಬೇಕು. ಕಾಗದ ತೋರಿಸಲು ಬಾರದ, ತಾರೀಖು ಹೇಳಲು ಬಾರದ ಹೊರಗಿನ ಕಾರಣ ಬಂದರೆ, ದೃಷ್ಟಿ, ಕಣ್ಣೇಸರು, ಯಾರೋ ಮಾಡಿಸಿದ್ದಾರೆ ಅಂಥದ್ದು, ನಾನು ಅದನ್ನು ಹಾಳೆಯ ಮೇಲೆ ಬರೆಯುವುದಿಲ್ಲ. ಪರಿಹಾರ ಅಂತ ಸಾಲದವರ ಕೈಯಿಂದ ಇನ್ನೂ ಐದು ಸಾವಿರ ಖರ್ಚು ಮಾಡಿಸುವ ಕಾರ್ಡು ಓದುವವರು ಇದ್ದಾರೆ. ಅದು ಕೆಳಗಿನ ಸಾಲಿಗೆ ಇನ್ನೊಬ್ಬ ಡೆವಿಲ್ ಸೇರಿಸಿದ ಹಾಗೆ.

ಕಾರ್ಡು ತೆಗೆಯಲೇಬಾರದ ಹೊತ್ತೂ ಇದೆ. ವಸೂಲಿಯವರು ಮನೆ ಮುಂದೆ ಬಂದು ಕೂಗಾಡುತ್ತಿದ್ದಾರೆ, ಪಾತ್ರೆ ಎತ್ತಿಕೊಂಡು ಹೋಗುತ್ತೇವೆ ಅನ್ನುತ್ತಿದ್ದಾರೆ ಅಂದರೆ ಅದು ಕಾರ್ಡಿನ ಕೆಲಸ ಅಲ್ಲ. ಕಿರುಸಾಲದವರ ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯದಲ್ಲೇ 2025ರಲ್ಲಿ ಕಾನೂನು ಬಂದಿದೆ, ಪೊಲೀಸ್ ಠಾಣೆಗೆ ಹೋಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ, 15100ಕ್ಕೆ ಫೋನು ಮಾಡಿದರೆ ದಾರಿ ಹೇಳುತ್ತಾರೆ. ಇನ್ನೊಂದು, "ಇದ್ದು ಏನು ಮಾಡೂದು" ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ನಾನು ಕಾರ್ಡು ಕಟ್ಟಿ ಒಳಗಿಡುತ್ತೇನೆ. ಅವರ ಮನೆಯವರಿಗೆ ಫೋನು ಹಚ್ಚಿಸುತ್ತೇನೆ, ಟೆಲಿ ಮಾನಸ್ 14416 ನಂಬರು ಕೊಡುತ್ತೇನೆ, ಯಾರಾದರೂ ಬರುವವರೆಗೆ ಚಹಾ ಕುಡಿಯುತ್ತಾ ಜೊತೆಗೆ ಕೂತಿರುತ್ತೇನೆ. ಎದ್ದು ಕೂತು ಮುಖ ಮುಚ್ಚಿಕೊಂಡ ನೈನ್ ಆಫ್ ಸ್ವೋರ್ಡ್ಸ್ ಕಾರ್ಡನ್ನು ಅಂಥವರಿಗೆ ತೋರಿಸಿ ಅರ್ಥ ಹೇಳುತ್ತಾ ಕೂರುವುದು ಕ್ರೌರ್ಯ.

ಆಗಲೇ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಇಷ್ಟೆಲ್ಲ ಲೆಕ್ಕ ಕಾರ್ಡಿಲ್ಲದೇ ಮಾಡಬಹುದಿತ್ತಲ್ವಾ ಅಂತ. ಮಾಡಬಹುದಿತ್ತು. ಲೆಕ್ಕ ಗೊತ್ತಿರುವ ಯಾರಾದರೂ ಆ ಪಿಗ್ಮಿ ಪುಸ್ತಕ ನೋಡಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ಆದರೆ ಆ ಅಕ್ಕ ಪಿಗ್ಮಿ ಪುಸ್ತಕವನ್ನು ಸಾಲದ ಮಾತಿನಲ್ಲಿ ಯಾರ ಮುಂದೂ ತೆಗೆದಿರಲಿಲ್ಲ. ಅದು ಅವರ ಮನಸ್ಸಿನಲ್ಲಿ ಉಳಿತಾಯದ ಕಪಾಟಿನಲ್ಲಿತ್ತು. ನಾಣ್ಯ ಅವಚಿಕೊಂಡ ಆ ಕಿರೀಟದವನನ್ನು ನೋಡಿ ತೆಗೆದರು. ಇನ್ನಾವುದನ್ನೋ ನೋಡಿಯೂ ತೆಗೆಯುತ್ತಿದ್ದರೇನೋ, ನಾನು ಜಗಳ ಮಾಡುವುದಿಲ್ಲ.

ಹೋದ ವಾರ ಅವರ ಫೋನು ಬಂದಿತ್ತು. ರಸ್ತೆ ಡಾಂಬರು ಆಗಿದೆ, ಊಟ 70ಕ್ಕೆ ಬಂದಿದೆ. ಮತ್ತೆ 90 ಆಗುತ್ತದಾ ಅಂತ ಒಂದು ಕಾರ್ಡು ತೆಗೆದು ನೋಡಿ ಅಂದರು. ನಾನು ತೆಗೆಯಲಿಲ್ಲ. ಶನಿವಾರದವರೆಗೆ ದಿನಾ ರಾತ್ರಿ ಎಷ್ಟು ತಾಟು ತೊಳೆದಿರಿ ಅಂತ ಬರೆದಿಡಿ, ಆಮೇಲೆ ಮಾತಾಡೋಣ ಅಂದೆ. "ಹೂಂನ್ರಿ, ಬರೀತೀನಿ. ಆದ್ರ ನೀವು ಒಮ್ಮಿ ಊಟಕ್ಕ ಬರ್ರಿ, ತಾಟ ಒಂದ ಹೆಚ್ಚಾಗತೈತಿ" ಅಂದರು.